ಏಕನಾಡಿ ಬಂದಿದೆ ಎಂದು ಮದುವೆ ನಿಂತಿದೆ: ವಚನ ತರಗತಿಯ ಪ್ರಶ್ನೋತ್ತರ

ಪ್ರಶ್ನೆ (ಇಳಕಲ್ಲದ ಸದಸ್ಯೆ): ಗುರುಗಳೇ, ಶರಣು ಶರಣಾರ್ಥಿ. ನಾನು ಇಷ್ಟಲಿಂಗ ದೀಕ್ಷೆ ಪಡೆದವಳು. ನನ್ನದು ರೋಹಿಣಿ ನಕ್ಷತ್ರ, ಹುಡುಗನದು ರೇವತಿ. ಏಕನಾಡಿ ಬಂದಿದೆ, ಮಕ್ಕಳಾಗುವುದಿಲ್ಲ ಎಂದು ಅವ್ವ ಅಳುತ್ತಾಳೆ. ತರಗತಿಯಲ್ಲಿ ಕಲಿತ ವಚನ ಹೇಳಿದರೆ ‘ನನಗೇ ಪಾಠ ಹೇಳ್ತೀಯಾ’ ಎನ್ನುತ್ತಾಳೆ. ಏನು ಮಾಡಲಿ?

ತರಗತಿಯ ಶಿಕ್ಷಕರು: ತಂಗಿ, ಬಸವಣ್ಣನವರ ಆ ವಚನವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ‘ಎಮ್ಮವರು ಬೆಸಗೊಂಡಡೆ ಶುಭಲಗ್ನವೆನ್ನಿರಯ್ಯಾ’ ಎಂದು ಅದು ಆರಂಭವಾಗುತ್ತದೆ. ನಮ್ಮವರು ಕೇಳಬಾರದು ಎಂದು ಅವರು ಹೇಳಲಿಲ್ಲ. ನಮ್ಮವರು ಕೇಳಿಯೇ ಕೇಳುತ್ತಾರೆಂದು ತಿಳಿದು, ಉತ್ತರ ಹೇಳುವ ಸ್ಥಾನದಲ್ಲಿ ಕುಳಿತವರಿಗೆ, ರಾಶಿಕೂಟವೂ ಉಂಟು, ತಾರಾಬಲವೂ ಉಂಟು, ನಾಳೆಗಿಂತ ಇಂದೇ ಲೇಸು ಎಂದು ಹೇಳಿರೆಂದು ಕೇಳಿಕೊಂಡರು. ಆದ್ದರಿಂದ ಆ ಮಾತು ನಿಮ್ಮ ಬಾಯಿಂದ ಅವ್ವನಿಗೆ ಹೋಗುವುದಕ್ಕಿಂತ, ಅವ್ವ ನಂಬುವ ನಿಮ್ಮೂರ ಮಠದ ಅಯ್ಯನವರ ಬಾಯಿಂದ ಹೋಗಬೇಕು. ಅವರನ್ನು ಮೊದಲು ನೀವೇ ಕಂಡು ಮಾತಾಡಿ, ಆಮೇಲೆ ಮನೆಗೆ ಕರೆಯಿರಿ.

ನಾಡಿಯ ಲೆಕ್ಕವನ್ನೂ ಅವ್ವನ ಪಕ್ಕದಲ್ಲಿ ಕುಳಿತು ನೋಡಿ. 27 ನಕ್ಷತ್ರಗಳನ್ನು ಆದಿ, ಮಧ್ಯ, ಅಂತ್ಯ ಎಂದು ಒಂಬತ್ತೊಂಬತ್ತರಂತೆ ಹಂಚಿದ್ದಾರೆ. ಇಬ್ಬರ ನಕ್ಷತ್ರವೂ ಒಂದೇ ಗುಂಪಿನಲ್ಲಿ ಬಿದ್ದರೆ ಅದೇ ಏಕನಾಡಿ; ರೋಹಿಣಿ, ರೇವತಿ ಎರಡೂ ಅಂತ್ಯದಲ್ಲಿವೆ. ಗುಂಪುಗಳು ಮೂರೇ ಆದ್ದರಿಂದ ಯಾವ ಇಬ್ಬರನ್ನು ಜೋಡಿಸಿದರೂ ಸುಮಾರು ಮೂರರಲ್ಲಿ ಒಂದು ಸಲ ಏಕನಾಡಿ ಬಂದೇ ಬರುತ್ತದೆ. ಅವ್ವ, ಅಪ್ಪ, ಅತ್ತೆ, ಮಾವ, ಚಿಕ್ಕಮ್ಮ, ನೆರೆಮನೆಯವರು ಎಂದು ಮಕ್ಕಳಿರುವ ಹತ್ತು ಜೋಡಿಗಳ ನಕ್ಷತ್ರಗಳನ್ನು ಪಂಚಾಂಗದ ಹಿಂಬದಿಯ ಹಾಳೆಯಲ್ಲಿ ಬರೆಯಿರಿ. ನಮ್ಮ ಮನೆಯಲ್ಲಿ ಹೀಗೆ ಬರೆದ ಹಾಳೆಯ ಮೇಲೆ ನನ್ನ ತಾಯಿಯ ಅರಿಷಿಣದ ಹೆಬ್ಬೆರಳಿನ ಗುರುತು ಇಂದಿಗೂ ಇದೆ. ಐದು ಮಕ್ಕಳನ್ನು ಹೆತ್ತ ತಮ್ಮ ಜೋಡಿಯೇ ಏಕನಾಡಿಯದು ಎಂದು ಕಂಡ ಮೇಲೆ ಅವರು ಆ ಮಾತು ಎತ್ತಲಿಲ್ಲ.

ಬಾಗಲಕೋಟೆಯ ಸದಸ್ಯರು: ಏಕನಾಡಿ ಎಂದರೆ ಇಬ್ಬರ ರಕ್ತದ ಗುಂಪು ಒಂದೇ ಇರುವುದು. ಹಿರಿಯರು ವಿಜ್ಞಾನವನ್ನೇ ಹೀಗೆ ಹೇಳಿದ್ದಾರೆ, ತಳ್ಳಿಹಾಕಬೇಡಿ.

ಶಿಕ್ಷಕರು: ರಕ್ತ ಪರೀಕ್ಷೆ ಮಾಡಿಸಬೇಕೆಂಬ ನಿಮ್ಮ ಕಾಳಜಿ ಸರಿಯಾದುದು, ಸಂಬಂಧ ಕಲ್ಪಿಸಿದ್ದು ಮಾತ್ರ ಸರಿಯಲ್ಲ. ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ. ಆ ದಿನ ಹುಟ್ಟಿದ ಎಲ್ಲ ಕೂಸುಗಳ ನಾಡಿ ಒಂದೇ, ಆದರೆ ರಕ್ತದ ಗುಂಪು ಬೇರೆ ಬೇರೆ. ಗಂಡಹೆಂಡಿರ ಗುಂಪು ಒಂದೇ ಇದ್ದರೆ ತೊಂದರೆಯೂ ಇಲ್ಲ. ನೋಡಬೇಕಾದದ್ದು ಹುಡುಗಿ ಆರ್‌ಎಚ್ ನೆಗೆಟಿವ್, ಹುಡುಗ ಪಾಸಿಟಿವ್ ಇರುವ ಜೋಡಿಯನ್ನು. ಅದಕ್ಕೂ ಬಸಿರಿನಲ್ಲಿ ಮತ್ತು ಹೆರಿಗೆಯಾದೊಡನೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಇದೆ. ಮಕ್ಕಳ ಆರೋಗ್ಯದ ಬಗ್ಗೆ ನಿಜವಾಗಿ ಹೆದರಬೇಕಾದದ್ದು ನಮ್ಮ ಭಾಗದಲ್ಲಿ ಜಾತಕವನ್ನೇ ಕೇಳದೆ ಮಾಡುವ ಸೋದರಮಾವನ ಮದುವೆಗೆ, ಎಂದು ನನಗೆ ಬಹಳ ಸಲ ಅನ್ನಿಸಿದೆ.

ವಿಜಯಪುರದ ಸದಸ್ಯೆ: ನಾವು ಆಷಾಢದಲ್ಲಿ ಗೃಹಪ್ರವೇಶ ಮಾಡಿ ಆರು ವರ್ಷವಾಯಿತು, ಎಲ್ಲ ಚೆನ್ನಾಗಿದೆ. ಈ ತಂಗಿಯೂ ಹೊಸ ಮನೆಗೆ ಹೋಗಲಿ.

ಬಾದಾಮಿಯ ಸದಸ್ಯರು: ಅಕ್ಕಾವರೆ, ಅವರು ಕೇಳಿದ್ದು ಮದುವೆಯ ವಿಷಯ. ನಮ್ಮ ಮನೆತನ ಮೂರು ತಲೆಮಾರಿನಿಂದ ಪಂಚಾಂಗ ಹೇಳುತ್ತಿದೆ. ನಾಡಿದೋಷ ಹತ್ತದ ನಕ್ಷತ್ರಗಳೆಂದು ನಾವು ಬಾಯಿಪಾಠ ಮಾಡಿದ ಶ್ಲೋಕದಲ್ಲಿ ರೋಹಿಣಿಯೂ ಇದೆ, ರೇವತಿಯೂ ಇದೆ. ಜಾತಕ ನೋಡಿದವರು ಕೂಟದ ಒಟ್ಟು 36 ಅಂಕಗಳಲ್ಲಿ ನಾಡಿಯ 8 ಅಂಕ ಕಳೆದು ಅಲ್ಲಿಗೇ ನಿಲ್ಲಿಸಿದಂತಿದೆ. ಈ ಅಪವಾದವನ್ನು ಅವರಿಗೇ ಕೇಳಿ. ತಾಯಿಯ ಮನಸ್ಸು ಅಲ್ಲೇ ಹಗುರಾಗುತ್ತದೆ.

ಶಿಕ್ಷಕರು: ತಮ್ಮ ಮಾತಿನಿಂದ ಈ ಮದುವೆ ಉಳಿಯಬಹುದು, ಅದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಎರಡು ನಕ್ಷತ್ರಗಳಲ್ಲಿ ಹುಟ್ಟಿದ ಮತ್ತೊಬ್ಬ ಹುಡುಗಿಗೆ ನಾವು ಏನು ಹೇಳಬೇಕು?

ಬಾದಾಮಿಯ ಸದಸ್ಯರು: ಅಂಥವರಿಗೆ ಶಾಸ್ತ್ರದಲ್ಲಿ ಶಾಂತಿ ಹೇಳಿದೆ. ನಿಮ್ಮ ತರಗತಿ ಅದನ್ನು ಒಪ್ಪುವುದಿಲ್ಲ ಎಂದೂ ಬಲ್ಲೆ.

ಇಳಕಲ್ಲದ ಸದಸ್ಯೆ: ಅಕ್ಷತೆಗೆ ಹುಡುಗನ ಮನೆಯವರು 12-35ರ ಮುಹೂರ್ತವೇ ಬೇಕು ಎನ್ನುತ್ತಾರೆ. ಗಂಡ ತೀರಿಕೊಂಡ ನಮ್ಮ ಚಿಕ್ಕಮ್ಮ ಆರತಿಗೆ ಎದುರು ಬರಬಾರದು, ಅಪಶಕುನ ಎಂದೂ ಹೇಳಿದ್ದಾರೆ.

ಶಿಕ್ಷಕರು: ವೇಳೆಯನ್ನು ಒಪ್ಪಿಕೊಳ್ಳಿ, ಬೀಗರು ಊಟಕ್ಕೆ ಕೂಡಲು ಒಂದು ಹೊತ್ತು ಹೇಗೂ ಬೇಕು, 12-35ಕ್ಕೆ ಅಕ್ಷತೆ ಬಿದ್ದರೆ ನಿಮ್ಮ ದೀಕ್ಷೆಗೆ ಕುಂದಿಲ್ಲ. ಚಿಕ್ಕಮ್ಮನ ಮಾತಿನಲ್ಲಿ ಮಾತ್ರ ಬಗ್ಗಬೇಡಿ, ಏಕೆಂದರೆ ಅಲ್ಲಿ ಒಬ್ಬ ಹೆಣ್ಣುಮಗಳನ್ನೇ ಕೆಟ್ಟ ಶಕುನ ಎಂದು ಕರೆದಂತಾಗುತ್ತದೆ. ಇದನ್ನು ಮಂಟಪದಲ್ಲಿ ಎತ್ತದೆ, ನಿಶ್ಚಿತಾರ್ಥಕ್ಕೆ ಮೊದಲೇ ಹುಡುಗನಿಗೆ ತಿಳಿಸಿ, ಮೊದಲ ಆರತಿ ಚಿಕ್ಕಮ್ಮನವರೇ ಎತ್ತುತ್ತಾರೆಂದು ಅವನ ಬಾಯಿಂದಲೇ ಅವನ ಮನೆಯಲ್ಲಿ ಹೇಳಿಸಿ.

ಇಳಕಲ್ಲದ ಸದಸ್ಯೆ: ಹುಡುಗ ಒಪ್ಪುತ್ತಾನೆ. ಚಿಕ್ಕಮ್ಮ ತಾನೇ ‘ನನಗೆ ಬ್ಯಾಡವ್ವ’ ಎನ್ನುತ್ತಾಳೆ, ಅವಳಿಗೆ ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ. ಸೋಮವಾರ ಅಯ್ಯನವರನ್ನು ಕಂಡು ಬರೆಯುತ್ತೇನೆ.