ಅಪ್‌ಡೇಟ್: ಕಾರವಾರದ ಸ್ಲ್ಯಾಬ್‌ಗೆ ಕೊನೆಗೆ ಎಷ್ಟು ರೆಡಿಮಿಕ್ಸ್ ಹಿಡಿಯಿತು

ನನ್ನ ಪ್ರಶ್ನೆ: "ಕಾರವಾರದಲ್ಲಿ 100 ಚದರ ಮೀಟರ್ ಸ್ಲ್ಯಾಬ್, ದಪ್ಪ 125 ಮಿ.ಮೀ. ಬೀಮ್ ಸೇರಿ ಲೆಕ್ಕ 16 ಘನ ಮೀಟರ್. ಆರ್ಡರ್ ಎಷ್ಟು ಕೊಡಲಿ?"

ಮೊನ್ನೆ ಸ್ಲ್ಯಾಬ್ ಆಯ್ತು. ಹಿಡಿದದ್ದು 17.5. "ಸುಮ್ನೆ 5% ಸೇರಿಸಿ" ಎಂಬ ಸಲಹೆ ನಂಬಿದ್ದರೆ 16.8ಕ್ಕೇ ನಿಲ್ಲುತ್ತಿತ್ತು.

ಕೆಲಸಕ್ಕೆ ಬಂದದ್ದು "ಕೊನೆಯ ಗಾಡಿಯ ಅಳತೆ ಆಮೇಲೆ ಹೇಳಿ" ಎಂದವರ ಮಾತು. ಎರಡನೇ 6ರ ಗಾಡಿ ಖಾಲಿಯಾಗುತ್ತಿದ್ದಾಗಲೇ ಉಳಿದ ಜಾಗ ಅಳೆದು ಪ್ಲಾಂಟಿಗೆ ಫೋನ್ ಮಾಡಿದೆ, 5.5 ಕಳಿಸಿದರು. ತಡವಾಗಿ ಹೇಳಿದ್ದರೆ ಹಳೆಯ ಅಂಚು ಗಟ್ಟಿಯಾಗಿ ಜಾಯಿಂಟ್ ಬೀಳುತ್ತಿತ್ತು.

ಆಶ್ಚರ್ಯ ಆಗಿದ್ದು ಸೆಂಟ್ರಿಂಗ್ ನೋಡಿ. ಹಿಂದಿನ ದಿನ ದಾರ ಕಟ್ಟಿ ನೋಡಿದರೆ ಹಲಗೆ ಅಲ್ಲಲ್ಲಿ ತಗ್ಗಿತ್ತು, ಸರಾಸರಿ 8 ಮಿ.ಮೀ. ಅಷ್ಟಕ್ಕೇ 0.8 ಹೋಯಿತು! 125 ಮಿ.ಮೀ. ಪಂಪ್ ಪೈಪ್ 40 ಮೀಟರ್ ಇತ್ತು, ಅದರೊಳಗೆ ಅರ್ಧ ಘನ ಮೀಟರ್ ಉಳಿಯಿತು. ಚೆಲ್ಲಿದ್ದು ಬರೀ 0.2.