ಪದ ಬೇಕಾಗಿದೆ: ಬಾಟಲಿ ಬಿಚ್ಚಿದ ಮೇಲೆ ಶುರುವಾಗುವ ಗಡುವಿಗೆ ಏನೆನ್ನಬೇಕು?

ಹುಬ್ಬಳ್ಳಿಯಿಂದ, ಅನುವಾದಕಿ

ಮಾನ್ಯರೇ, ನಮ್ಮ ಓಣಿಯ ಔಷಧ ಅಂಗಡಿಯವರು ಕಣ್ಣಿನ ಹನಿ ಮತ್ತು ಸಿರಪ್ ಬಾಟಲಿಗಳಿಗೆ ಅಂಟಿಸಲು ಕನ್ನಡದಲ್ಲಿ ಒಂದು ಚೀಟಿ ಹಾಗೂ ಗೋಡೆಗೆ ಒಂದು ಫಲಕ ಬರೆದುಕೊಡಲು ಕೇಳಿದ್ದಾರೆ. ಸೋಮವಾರ ಬೆಳಿಗ್ಗೆ ಅದು ಪ್ರೆಸ್ಸಿಗೆ ಹೋಗಬೇಕು. ಬಾಟಲಿಯ ಮೇಲೆ ಅಚ್ಚಾಗಿರುವ ಎಕ್ಸ್‌ಪೈರಿಗೆ ‘ಅವಧಿ ಮುಗಿಯುವ ದಿನಾಂಕ’ ಎಂಬ ಮಾತು ರೂಢಿಯಲ್ಲಿದೆ. ಆದರೆ ಬಾಟಲಿ ಬಿಚ್ಚಿದ ದಿನದಿಂದ ಬೇರೊಂದು, ಬಹಳ ಚಿಕ್ಕದಾದ ಲೆಕ್ಕ ಶುರುವಾಗುತ್ತದೆ. ಔಷಧ ಶಾಸ್ತ್ರದವರು ‘ಬಿಯಾಂಡ್ ಯೂಸ್ ಡೇಟ್’ ಎನ್ನುವ ಆ ದಿನಕ್ಕೆ ನನಗೆ ಪದ ಸಿಕ್ಕಿಲ್ಲ. ಮೂರು ತಿಂಗಳ ಹಿಂದೆ ಬಿಚ್ಚಿದ ಹನಿಯನ್ನು ಹಿಡಿದುಕೊಂಡು ಬಂದು “ಡೇಟ್ ಇನ್ನೂ ಐತಲ್ರೀ, ಯಾಕ ಚೆಲ್ಲಬೇಕು?” ಎಂದು ಕೇಳುವ ಗಿರಾಕಿಗೆ ಎರಡು ದಿನಾಂಕಗಳ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯಬೇಕು. ಐದು ಮಿಲಿಯ ಬಾಟಲಿಯ ಮೇಲೆ ಎರಡು ಗಿಡ್ಡ ಸಾಲುಗಳಿಗಷ್ಟೇ ಜಾಗವಿದೆ.

ಗದಗಿನಿಂದ, ನಿವೃತ್ತ ಕನ್ನಡ ಮಾಸ್ತರರು

‘ಅವಧಿ’ಯನ್ನು ಮೊದಲು ಕೈಬಿಡಿ. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ ಎಂಬ ಅರ್ಥವಿದೆ, ನಾವು ಅದನ್ನು ಎಲ್ಲೆಯೊಳಗಿನ ಕಾಲಕ್ಕೆ ಬಳಸುತ್ತಿದ್ದೇವೆ. ಹೀಗಾಗಿ ‘ಅವಧಿ ಮುಗಿಯುವ’ ಎಂದಾಗ ಎಲ್ಲೆಯೇ ಮುಗಿಯುತ್ತದೆಯೋ, ಎಲ್ಲೆಯೊಳಗಿನದು ಮುಗಿಯುತ್ತದೆಯೋ ಗೊತ್ತಾಗುವುದಿಲ್ಲ. ‘ಗಡುವು’ ಅಚ್ಚಗನ್ನಡ ಪದ, ‘ಗಡಿ’ಯ ಒಡಹುಟ್ಟು. ‘ಬಳಕೆ’ ಮತ್ತು ‘ಕೊನೆ’ ಕೂಡಿ ‘ಬಳಕೆಗೊನೆ’ ಎಂಬ ಸಮಾಸವನ್ನೂ ಮಾಡಬಹುದು. ಅದೂ ಸಾಧು.

ಹುಬ್ಬಳ್ಳಿಯಿಂದ, ಬ್ಯಾಂಕಿನ ನಿವೃತ್ತ ನೌಕರರು

‘ಬಳಕೆಗೊನೆ’ಯನ್ನು ನಮ್ಮ ದುರ್ಗದ ಬೈಲಿನಲ್ಲಿ ಬರೆದು ಹಾಕಿದರೆ ಬಾಳೆಗೊನೆಯ ರೇಟು ಕೇಳುತ್ತಾರೆ. ‘ಗಡುವು’ ತೆಲುಗಿನಲ್ಲಿಯೂ ಇದೆ, ಆದ್ದರಿಂದ ‘ಗಡಿ’ಯ ನಂಟನ್ನು ಮಾಸ್ತರರು ಇಷ್ಟು ಖಚಿತವಾಗಿ ಹೇಳಬೇಕಾಗಿಲ್ಲ. ನಲವತ್ತು ವರ್ಷ ನಾವು ‘ಮುದ್ದತಿ ಠೇವಣಿ’ ಎಂದು ಬರೆದೆವು, ಯಾವ ರೈತನೂ ಅರ್ಥ ಕೇಳಲಿಲ್ಲ. ‘ಮುದ್ದತ್ತು’ ಎಂದು ಹಾಕಿ, ಮುಗಿಯಿತು.

ಗದಗಿನಿಂದ, ಮಾಸ್ತರರು

ಅರಬ್ಬಿಯನ್ನು ಕಣ್ಣಿಗೆ ಹಾಕುವ ಅಗತ್ಯವಿಲ್ಲ.

ಹಾವೇರಿಯಿಂದ, ಗೃಹಿಣಿ

ಪದದ ಸಂಗತಿ ದೊಡ್ಡವರು ನೋಡಿಕೊಳ್ಳಲಿ, ಆದರೆ ನನ್ನ ಅನುಭವದಲ್ಲಿ ಲೆಕ್ಕ ಸುಲಭವಾಗಿದೆ. ಬಿಚ್ಚಿದ ಯಾವುದೇ ಬಾಟಲಿಗೆ ಒಂದು ತಿಂಗಳು, ಫ್ರಿಜ್ಜಿನಲ್ಲಿಟ್ಟರೆ ಅಚ್ಚಾದ ದಿನಾಂಕದವರೆಗೂ ನಡೆಯುತ್ತದೆ. ಕಳೆದ ಚಳಿಗಾಲದಲ್ಲಿ ಮೊಮ್ಮಗನಿಗೆ ಡಾಕ್ಟರು ಪುಡಿಯ ಸಿರಪ್ ಕೊಟ್ಟಿದ್ದರು, ಐದು ದಿನ ಕುಡಿಸಿದ ಮೇಲೆ ಅರ್ಧ ಬಾಟಲಿ ಉಳಿದಿತ್ತು. ಅದನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ, ಮುಂದಿನ ನೆಗಡಿಗೆ ಆಗುತ್ತದೆ. ಆದ್ದರಿಂದ ಎಲ್ಲಕ್ಕೂ ‘ಬಿಚ್ಚಿ ಒಂದು ತಿಂಗಳು’ ಎಂಬ ಒಂದೇ ಚೀಟಿ ಸಾಕು.

ಧಾರವಾಡದಿಂದ, ಔಷಧ ಅಂಗಡಿಯ ಫಾರ್ಮಸಿಸ್ಟ್

ಅಕ್ಕನವರೇ, ದಯವಿಟ್ಟು ಆ ಅರ್ಧ ಬಾಟಲಿಯನ್ನು ಈ ಪತ್ರ ಓದಿದ ಕೂಡಲೇ ಚೆಲ್ಲಿಬಿಡಿ. ನೀವು ಹೇಳಿದ ಒಂದು ತಿಂಗಳು ಕಣ್ಣಿನ ಹನಿಯ ಮಟ್ಟಿಗೆ ಸರಿಯಾಗಿದೆ. ಕಂಟೇನರ್ ತೆರೆದ ಒಂದು ತಿಂಗಳೊಳಗೆ ಬಳಸಬೇಕೆಂಬ ಮಾತನ್ನು ಹನಿಯ ಲೇಬಲ್ಲಿನಲ್ಲಿ ಅಚ್ಚು ಹಾಕಬೇಕೆಂದು 1945ರ ಔಷಧ ನಿಯಮಗಳೇ ಹೇಳುತ್ತವೆ, ಆದರೆ ಅದು ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿರುವುದರಿಂದ ಯಾರೂ ಓದುವುದಿಲ್ಲ.

ಎರಡು ದಿನಾಂಕಗಳು ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು. ಅಚ್ಚಾದ ದಿನಾಂಕವು ಸೀಲ್ ಒಡೆಯದ, ಹೇಳಿದ ತಂಪಿನಲ್ಲಿಟ್ಟ ಬಾಟಲಿಯ ಬಗ್ಗೆ ಕಾರ್ಖಾನೆ ಕೊಡುವ ಮಾತು. ಹನಿಯ ಬಾಟಲಿಯನ್ನು ಒತ್ತಿ ಕೈ ಸಡಿಲಿಸಿದಾಗಲೆಲ್ಲ ಅದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ತುದಿಯು ರೆಪ್ಪೆಗೆ ತಾಗಿದ್ದರೆ ಅಲ್ಲಿಯ ಕಣ್ಣೀರು ಮತ್ತು ಕೊಳೆಯೂ ಒಳಗೆ ಹೋಗುತ್ತವೆ. ಒಳಗಿರುವ ಬೆಂಜಾಲ್ಕೋನಿಯಂ ಕ್ಲೋರೈಡ್‌ನಂಥ ಸಂರಕ್ಷಕವು ಒಂದು ಮಿತಿಯವರೆಗೆ ಮಾತ್ರ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಕೆಟ್ಟ ಹನಿಯೂ ನೋಡಲು ತಿಳಿನೀರಿನಂತೆಯೇ ಇರಬಹುದು, ಆದ್ದರಿಂದ ಬೆಳಕಿಗೆ ಹಿಡಿದು ನೋಡಿ ನಿರ್ಧರಿಸಲು ಬರುವುದಿಲ್ಲ. ಫ್ರಿಜ್ಜು ಈ ಗಡುವನ್ನು ಮುಂದೂಡುವುದೂ ಇಲ್ಲ.

ಪುಡಿಯ ಸಿರಪ್ಪಿನ ಕಥೆಯೇ ಬೇರೆ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ ಪುಡಿಗೆ ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಬೆರೆಸಿದ ಮೇಲೆ, ಫ್ರಿಜ್ಜಿನಲ್ಲಿಟ್ಟರೂ ಅದಕ್ಕೆ ಏಳು ದಿನಗಳಷ್ಟೇ ಆಯುಷ್ಯ. ಅಲ್ಲಿ ಕೊಳೆಗಿಂತ ಮೊದಲು ನೀರೇ ವೈರಿಯಾಗಿ, ಕ್ಲಾವುಲನೇಟ್ ಒಡೆದು ಔಷಧದ ಬಲ ಇಳಿಯುತ್ತದೆ. ಬೇರೆ ಪುಡಿಗಳಿಗೆ ದಿನಗಳು ಬೇರೆ, ಲೇಬಲ್ಲನ್ನೇ ನೋಡಬೇಕು. ಕಾರ್ಖಾನೆಯಿಂದ ದ್ರವವಾಗಿಯೇ ಬಂದ ಕೆಮ್ಮು, ಜ್ವರದ ಸಿರಪ್ಪುಗಳಿಗೆ ಎಲ್ಲಕ್ಕೂ ಹೊಂದುವ ಒಂದೇ ಲೆಕ್ಕವಿಲ್ಲ.

ಆದ್ದರಿಂದ ಅನುವಾದಕರೇ, ‘ಬಿಚ್ಚಿದ ಮೇಲೆ’ ಎಂಬ ನಿಮ್ಮ ಮಾತು ಹನಿಗೆ ಸರಿ, ಪುಡಿಗೆ ಅಲ್ಲ. ಅಲ್ಲಿ ಲೆಕ್ಕ ಶುರುವಾಗುವುದು ನೀರು ಬಿದ್ದ ಗಳಿಗೆಯಿಂದ.

ಹುಬ್ಬಳ್ಳಿಯಿಂದ, ಅನುವಾದಕಿ

ಫಾರ್ಮಸಿಸ್ಟ್ ಸರ್, ಧನ್ಯವಾದಗಳು. ಒಂದು ಗೊಂದಲ ಉಳಿದಿದೆ. ಬಾಟಲಿಯಲ್ಲಿ ‘ಒಂದು ತಿಂಗಳು’ ಎಂದಿದೆ, ಅಂಗಡಿಯವರು ಕೊಟ್ಟ ಹಾಳೆಯಲ್ಲಿ ‘ನಾಲ್ಕು ವಾರ’ ಎಂದಿದೆ. ಯಾವುದನ್ನು ಬರೆಯಲಿ?

ಧಾರವಾಡದಿಂದ, ಫಾರ್ಮಸಿಸ್ಟ್

ಎರಡನ್ನೂ ಬರೆಯಬೇಡಿ, ಕೊನೆಯ ದಿನವನ್ನೇ ಬರೆಯಿಸಿ. ಒಂದು ಬಾಟಲಿಯ ಮೇಲೆ 11/2027 ಎಂದು ಅಚ್ಚಾಗಿದೆ, ಅದನ್ನು 2026ರ ಮಾರ್ಚ್ 10ರಂದು ಬಿಚ್ಚಿದರು ಎಂದುಕೊಳ್ಳೋಣ. ನಾಲ್ಕು ವಾರ ಎಂದರೆ ಏಪ್ರಿಲ್ 7, ತಿಂಗಳು ಎಂದರೆ ಏಪ್ರಿಲ್ 10. ನಾನಾದರೆ ಮೊದಲಿನದನ್ನು ಬರೆಯುತ್ತೇನೆ, ಎರಡನೆಯದೂ ತಪ್ಪಲ್ಲ. ಅದೇ ಬಾಟಲಿಯ ಮೇಲೆ 03/2026 ಎಂದಿದ್ದರೆ ಆ ತಿಂಗಳ ಕೊನೆಯ ದಿನವಾದ ಮಾರ್ಚ್ 31ಕ್ಕೇ ಮುಗಿಯಿತು, ಏಕೆಂದರೆ ಎರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದೇ ಗಡುವು. ಸಂರಕ್ಷಕವಿಲ್ಲದ, ಒಂದೇ ಸಲಕ್ಕೆಂದು ಬರುವ ಪುಟ್ಟ ಕೊಳವೆಗಳಿಗೆ ಚೀಟಿಯೇ ಬೇಡ, ಹಾಕಿದ ಕೂಡಲೇ ಎಸೆಯಬೇಕು.

ಗದಗಿನಿಂದ, ಮಾಸ್ತರರು

ಗಮನಿಸಿ, ಫಾರ್ಮಸಿಸ್ಟರು ಯಾರೂ ಕೇಳದೆಯೇ ‘ಗಡುವು’ ಎಂದಿದ್ದಾರೆ.

ಹುಬ್ಬಳ್ಳಿಯಿಂದ, ಬ್ಯಾಂಕಿನವರು

ಅವರು ‘ಲೇಬಲ್’, ‘ಸೀಲ್’, ‘ಫ್ರಿಜ್ಜು’ ಎಂದೂ ಅಂದಿದ್ದಾರೆ. ಅವುಗಳ ಮೂಲವನ್ನೂ ಗದಗಿನಲ್ಲಿ ಹುಡುಕಬಹುದು.

ಹಾವೇರಿಯಿಂದ, ಗೃಹಿಣಿ

ಬಾಟಲಿಯನ್ನು ಚೆಲ್ಲಿದೆ. ಬಣ್ಣ ಬಿಳಿ ಹೋಗಿ ಕಂದಿಗೆ ತಿರುಗಿತ್ತು. ಇನ್ನೊಂದು ಮಾತು, ನಮ್ಮಲ್ಲಿ ‘ಒಡೆದದ್ದು’ ಎಂದು ಬರೆಯಬೇಡಿ, ಬಾಟಲಿ ಬಿದ್ದು ಒಡೆಯಿತೆಂದು ತಿಳಿಯುತ್ತಾರೆ. ‘ಬಿಚ್ಚಿದ್ದು’ ಎಂದರೆ ಯಾರಿಗೂ ಸಂಶಯ ಬರುವುದಿಲ್ಲ.

ಹುಬ್ಬಳ್ಳಿಯಿಂದ, ಅನುವಾದಕಿ

ಫಲಕದ ತಲೆಬರಹಕ್ಕೆ ‘ಬಿಚ್ಚಿದ ಮೇಲಿನ ಗಡುವು’ ಎಂದು ಇಟ್ಟಿದ್ದೇನೆ, ಅದರ ಕೆಳಗೆ ‘ಅಚ್ಚಾದ ದಿನಾಂಕ ಇನ್ನೂ ಇದ್ದರೂ ಇದು ಮುಗಿದಿದ್ದರೆ ಬಳಸಬೇಡಿ’ ಎಂಬ ಸಾಲಿದೆ. ಚೀಟಿಗಳಲ್ಲಿ ನಾಮಪದವನ್ನೇ ಕೈಬಿಟ್ಟೆ, ಓರೆಗೆರೆ ಇರುವಲ್ಲಿ ಎರಡನೆಯ ಸಾಲು ಶುರುವಾಗುತ್ತದೆ. ಹನಿಗೆ ‘ಬಿಚ್ಚಿದ್ದು ____ / ____ ಆದ ಮೇಲೆ ಹಾಕಬೇಡಿ’, ಪುಡಿಯ ಸಿರಪ್ಪಿಗೆ ‘ನೀರು ಬೆರೆಸಿದ್ದು ____ / ____ ಆದ ಮೇಲೆ ಕುಡಿಸಬೇಡಿ’ ಎಂದು ಎರಡು ಬಣ್ಣದಲ್ಲಿ ಅಚ್ಚಾಗುತ್ತವೆ.

ಧಾರವಾಡದಿಂದ, ಫಾರ್ಮಸಿಸ್ಟ್

ಪುಡಿಗೆ ನೀರನ್ನು ನಾವೇ ಬೆರೆಸಿಕೊಟ್ಟರೆ ದಿನಾಂಕ ನಮ್ಮ ಕೈಯಲ್ಲಿ ಬೀಳುತ್ತದೆ. ಹನಿಯ ಬಾಟಲಿಯನ್ನು ಅಂಗಡಿಯಲ್ಲಿ ಯಾರೂ ಬಿಚ್ಚುವುದಿಲ್ಲ, ಅದನ್ನು ಮನೆಯಲ್ಲಿ ಬಿಚ್ಚುವವರು ಹೆಚ್ಚಾಗಿ ಪೊರೆಯ ಆಪರೇಷನ್ ಆದ ಹಿರಿಯರು. ಆ ಖಾಲಿ ಗೆರೆಯನ್ನು ಅವರು ಹೇಗೆ ತುಂಬುತ್ತಾರೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಚೀಟಿಯ ಕಾಗದವಾದರೂ ನುಣುಪಾಗಿರದೆ ಬಾಲ್‌ಪೆನ್ನಿನ ಶಾಯಿ ಹಿಡಿಯುವಂಥದ್ದಿರಲಿ ಎಂದು ಪ್ರೆಸ್ಸಿನವರಿಗೆ ಹೇಳಿರಿ.