ಗುರುವಾರಕ್ಕೆ ಮುಗಿಯೋ ಆಫರ್, ಮುಂದಿನ ಮಂಗಳವಾರದ ಇಂಟರ್‌ವ್ಯೂ

ಸಾಗರ ಟೆಸ್ಟಿಂಗ್: ಮೇಡಂ, ಒಂದು ಕಂಪನಿಯಿಂದ ನಿನ್ನೆ ಸೋಮವಾರ ಸಂಜೆ ಆಫರ್ ಲೆಟರ್ ಬಂತು. ಗುರುವಾರ ಸಂಜೆ 6ರೊಳಗೆ ಒಪ್ಪಬೇಕು. ಇನ್ನೊಂದು ಕಂಪನಿಯಲ್ಲಿ ಮೂರು ರೌಂಡ್ ಆಗಿದೆ, ಕೊನೇದು ಮುಂದಿನ ಮಂಗಳವಾರ. ನನಗೆ ಬೇಕಿರೋದು ಎರಡನೇದೇ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು 41 ದಿನ ಆಯ್ತು, 60 ದಿನದ ನೋಟಿಸ್. ಟೈಮ್ ಕೇಳಿದ್ರೆ ಆಫರ್ ವಾಪಸ್ ತಗೊಳ್ತಾರಾ?

ಭದ್ರಾವತಿ ಬಿಇ: ಕೇಳ್ಲೇಬೇಡಿ ಅಕ್ಕ. ಟೈಮ್ ಕೇಳಿದ್ರೆ ಕಾನೂನು ಪ್ರಕಾರ ಆಫರ್ ತಿರಸ್ಕರಿಸಿದ ಹಾಗೆ. ಅಲ್ಲಿಗೆ ಮುಗೀತು.

ಹೊಸನಗರ ಮಳೆ: ಫಾರ್ವರ್ಡ್ ಆಗಿ ಬಂದಿದ್ದು: "ಯಾವುದೇ ಆಫರ್‌ಗೆ ಉತ್ತರಿಸಲು ಅಭ್ಯರ್ಥಿಗೆ 15 ದಿನ ಕಾನೂನುಬದ್ಧ ಹಕ್ಕಿದೆ. ಕಂಪನಿ ಒಪ್ಪದಿದ್ದರೆ ಅಜ್ಜಿಗೆ ಹುಷಾರಿಲ್ಲ ಎಂದು ಮೇಲ್ ಮಾಡಿ. ಎಲ್ಲರಿಗೂ ಶೇರ್ ಮಾಡಿ."

ಎಚ್‌ಆರ್ ಮೇಡಂ: ಸಾಗರದವರೇ, ನಿಮ್ಮ ಪ್ರಶ್ನೇಲಿ ನನಗೆ ಚಿಂತೆ ಹುಟ್ಟಿಸೋದು ಗುರುವಾರ ಅಲ್ಲ, ಆ 41. ನೋಟಿಸ್ 19 ದಿನ ಉಳಿದಿದೆ. ಅದು ಮುಗಿದ ಮೇಲೆ ಕೈಯಲ್ಲಿ ಆಫರ್ ಇಲ್ಲದಿದ್ರೆ ಸಂಬಳ ನಿಲ್ಲುತ್ತೆ, ಮುಂದಿನ ಕಂಪನಿ ಜೊತೆ ಸಂಬಳ ಮಾತಾಡೋ ಬಲಾನೂ ಇಳಿಯುತ್ತೆ. ಹಾಗಾಗಿ ಆತುರದಲ್ಲಿ ಮೊದಲನೇದನ್ನ ಕೈಬಿಡೋ ಹಾಗಿಲ್ಲ.

ಈಗ ದಿನದ ಲೆಕ್ಕ ಹಾಕಿ. ಕೊನೆ ರೌಂಡ್ ಮುಂದಿನ ಮಂಗಳವಾರ. ಅವರು ಕೂತು ತೀರ್ಮಾನ ಮಾಡೋಕೆ ಒಂದೆರಡು ದಿನ. ಆಮೇಲೆ ಸಂಬಳಕ್ಕೆ ಮೇಲಿನವರ ಒಪ್ಪಿಗೆ, ಲೆಟರ್ ತಯಾರಿ, ಇದಕ್ಕೆ ಸಾಮಾನ್ಯವಾಗಿ ಎರಡು ಮೂರು ಕೆಲಸದ ದಿನ. ಅಂದ್ರೆ ಲೆಟರ್ ಕೈಗೆ ಬರೋದು ಆ ವಾರದ ಕೊನೆಗೆ, ಇಲ್ಲಾ ಅದರ ಮುಂದಿನ ಸೋಮವಾರ. ಮೊದಲನೇ ಕಂಪನಿ ಹತ್ರ ಹತ್ತು ಹನ್ನೊಂದು ದಿನ ಕೇಳಿದ್ರೆ ಕೊಡಲ್ಲ. ಆದ್ದರಿಂದ ಮೊದಲು ಎಳೀಬೇಕಾದ ಹಗ್ಗ ಎರಡನೇ ಕಂಪನೀದು.

ಇವತ್ತೇ ಆ ರಿಕ್ರೂಟರ್‌ಗೆ ಫೋನ್ ಮಾಡಿ. "ಕೈಯಲ್ಲಿ ಒಂದು ಲಿಖಿತ ಆಫರ್ ಇದೆ, ಗುರುವಾರ ಮುಗಿಯುತ್ತೆ, ನನಗೆ ನಿಮ್ಮಲ್ಲೇ ಬರೋ ಇಷ್ಟ" ಅಂತ ನೇರವಾಗಿ ಹೇಳಿ. ಕೊನೆ ರೌಂಡ್ ಬುಧವಾರ ಅಥವಾ ಗುರುವಾರಕ್ಕೆ ತರಬಹುದಾ, ತೀರ್ಮಾನ ಯಾವ ದಿನ ಹೇಳ್ತೀರಿ, ತೀರ್ಮಾನ ಆದ್ಮೇಲೆ ಲೆಟರ್‌ಗೆ ಎಷ್ಟು ದಿನ, ಇಷ್ಟು ಕೇಳಿ. ಮೂರು ರೌಂಡ್ ದಾಟಿಸಿದವರನ್ನ ಕಳ್ಕೊಳ್ಳೋಕೆ ಆ ರಿಕ್ರೂಟರ್‌ಗೂ ಮನಸ್ಸಿರಲ್ಲ. ಮ್ಯಾನೇಜರ್ ಹತ್ರ ಹೋಗಿ ಬೇಗ ಮಾಡಿ ಅನ್ನೋಕೆ ಅವರಿಗೊಂದು ಕಾರಣ ಬೇಕು, ಅದನ್ನ ನೀವು ಕೊಟ್ಟ ಹಾಗಾಯ್ತು. ಅವರು "ನೋಡ್ತೀವಿ" ಅಂತ ಮಾತ್ರ ಅಂದು ಒಂದು ದಿನವನ್ನೂ ಹೇಳದಿದ್ರೆ, ನೀವು ಅವರ ಪಟ್ಟೀಲಿ ಮೊದಲನೇ ಹೆಸರಲ್ಲ ಅಂತ ಅಂದುಕೊಂಡೇ ಮುಂದಿನ ಲೆಕ್ಕ ಹಾಕಿ.

ಅವರಿಂದ ದಿನ ಸಿಕ್ಕಿದ ಮೇಲೆ ಮೊದಲನೇ ಕಂಪನಿಗೆ ಫೋನ್. ಅದೂ ಇವತ್ತು ಸಂಜೆಯೊಳಗೆ, ತಪ್ಪಿದ್ರೆ ನಾಳೆ ಬೆಳಿಗ್ಗೆ. ಗುರುವಾರ ಐದೂವರೆಗೆ ಕೇಳಿದ್ರೆ ರಿಕ್ರೂಟರ್‌ಗೆ ಕೊಡೋ ಮನಸ್ಸಿದ್ರೂ ಆಗಲ್ಲ, ಅವರು ಹೈರಿಂಗ್ ಮ್ಯಾನೇಜರ್‌ನ ಕೇಳ್ಬೇಕು, ಆ ಮ್ಯಾನೇಜರ್ ಮೀಟಿಂಗಲ್ಲಿ ಇರ್ತಾರೆ. ಕೇಳೋದು ಸೋಮವಾರ ಸಂಜೆ 6ರ ತನಕ. ನಿಮಗೆ ನಾಲ್ಕು ದಿನ ಸಿಗುತ್ತೆ, ಅವರ ಲೆಕ್ಕದಲ್ಲಿ ಶುಕ್ರವಾರ, ಸೋಮವಾರ ಎರಡೇ ಕೆಲಸದ ದಿನ. "ಸ್ವಲ್ಪ ಟೈಮ್ ಕೊಡಿ" ಅನ್ನಬೇಡಿ. ದಿನ, ಗಂಟೆ ಎರಡೂ ಹೇಳಿ.

ಅವರಿಗೆ ಇರೋ ಭಯ ಎಂತದ್ದು ಗೊತ್ತಾ? ನೀವು ಯೋಚನೆ ಮಾಡೋದಲ್ಲ. ನೀವು ಬರಲ್ಲ ಅಂದ್ರೆ ಅಂತ ಎರಡನೇ ಅಭ್ಯರ್ಥಿ ಒಬ್ಬರನ್ನ ಕಾಯಿಸಿ ಇಟ್ಟಿರ್ತಾರೆ, ಆ ವ್ಯಕ್ತಿ ಬೇರೆ ಕಡೆ ಹೋಗಿಬಿಟ್ರೆ ಮತ್ತೆ ಮೊದಲಿಂದ ಹುಡುಕಬೇಕು. ಜೊತೆಗೆ ಜಾಯಿನಿಂಗ್ ದಿನ ಮುಂದೆ ಹೋಗುತ್ತಾ ಅಂತ. ಎರಡನೇ ಭಯ ಕಳೆಯೋದು ನಿಮ್ಮ ಕೈಲೇ ಇದೆ: "ಜಾಯಿನಿಂಗ್ ದಿನ ಬದಲಾಗಲ್ಲ" ಅಂತ ಬರೀರಿ. 90 ದಿನದ ನೋಟಿಸ್ ಇರೋರ ಮಧ್ಯೆ 19 ದಿನಕ್ಕೆ ಬರೋರು ಸಿಕ್ಕೋದು ಕಷ್ಟ, ಅದೇ ನಿಮ್ಮ ಬಲ.

ಫೋನ್ ಇಟ್ಟ ಹತ್ತು ನಿಮಿಷಕ್ಕೆ ಮೇಲ್ ಹೋಗ್ಬೇಕು. ಇಂಗ್ಲಿಷಲ್ಲೇ ಬರೀರಿ, ಸಾರ ಇಷ್ಟೇ ಇರಲಿ:

"ಆಫರ್‌ಗೆ ಧನ್ಯವಾದ. ಫೋನಿನಲ್ಲಿ ಹೇಳಿದಂತೆ, ಮೊದಲೇ ಶುರುವಾಗಿದ್ದ ಇನ್ನೊಂದು ಆಯ್ಕೆ ಪ್ರಕ್ರಿಯೆ ಈ ವಾರ ಮುಗಿಯುತ್ತದೆ. ಒಪ್ಪಿಗೆಯ ಗಡುವನ್ನು ಸೋಮವಾರ ಸಂಜೆ 6 ಗಂಟೆಗೆ ವಿಸ್ತರಿಸಲು ಸಾಧ್ಯವೇ? ನನ್ನ ಜಾಯಿನಿಂಗ್ ದಿನಾಂಕದಲ್ಲಿ ಬದಲಾವಣೆ ಇರುವುದಿಲ್ಲ."

ಐದನೇ ಸಾಲು ಬೇಡ. ಇನ್ನೊಂದು ಕಂಪನಿ ಹೆಸರು ಬೇಡ, ಅವರು ಕೊಡೋ ಸಂಬಳದ ಅಂಕಿ ಬೇಡ. ಇದೇ ಮೇಲಲ್ಲಿ ಸಂಬಳ ಜಾಸ್ತಿ ಕೇಳಿದ್ರೆ ಗಡುವಿನ ಮಾತು ಚೌಕಾಸಿ ಥರ ಕಾಣುತ್ತೆ, ಎರಡೂ ಕೆಡುತ್ತೆ.

ಭದ್ರಾವತಿಯವರೇ, ಅರ್ಧ ಸರಿ. ಬರೀ ಟೈಮ್ ಕೇಳೋದು ತಿರಸ್ಕಾರ ಅಲ್ಲ. ಆದ್ರೆ "ಸೋಮವಾರದವರೆಗೆ ಕೊಟ್ರೆ ಮಾತ್ರ ಒಪ್ತೀನಿ" ಅಂತ ಬರೆದ್ರೆ ಅದು ಒಪ್ಪಿಗೆ ಅಲ್ಲ. 1872ರ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆಗೆ ಷರತ್ತು ಇರಕೂಡದು.

ಹೊಸನಗರದವರೇ, ಆ 15 ದಿನ ಯಾವ ಕಾಯ್ದೇಲೂ ಇಲ್ಲ. ಅದೇ ಕಾಯ್ದೆಯ 6ನೇ ಸೆಕ್ಷನ್: ಹೇಳಿದ ಗಡುವು ದಾಟಿದ್ರೆ ಆಫರ್ ತಾನಾಗೇ ಬಿದ್ದುಹೋಗುತ್ತೆ. 5ನೇ ಸೆಕ್ಷನ್: ನೀವು ಒಪ್ಪೋ ಮೊದಲು ಅವರು ವಾಪಸ್ ತಗೋಬಹುದು. ಹಕ್ಕು ಅಂತ ಮೇಲ್ ಮಾಡಿದವರು ಕೆಲಸ ಕಳ್ಕೊಳ್ತಾರೆ, ಫಾರ್ವರ್ಡ್ ಮಾಡಿದವರು ಗುಡ್ ಮಾರ್ನಿಂಗ್ ಕಳಿಸ್ತಾ ಇರ್ತಾರೆ. ಅಜ್ಜಿ ಕಥೆ ಅಂತೂ ಬೇಡ. ಸೋಮವಾರ ನೀವು ಬರಲ್ಲ ಅಂದ ತಕ್ಷಣ ಅದು ಸುಳ್ಳು ಅಂತ ಅವರಿಗೆ ತಿಳಿಯುತ್ತೆ, ನಿಮ್ಮ ಹೆಸರಿನ ಮುಂದೆ ಅದೇ ಟಿಪ್ಪಣಿ ಉಳಿಯುತ್ತೆ.

ಹೊಸನಗರ ಮಳೆ: ನಾನು ಬರೆದಿದ್ದಲ್ಲ ಮೇಡಂ, ಬಂದಿದ್ದನ್ನ ಹಾಕಿದೆ ಅಷ್ಟೇ. ಅಜ್ಜಿ ಬೇಡಾಂದ್ರೆ ಅಡಿಕೆ ಕೊಯ್ಲು ಅನ್ನಬಹುದಾ?

ಎಚ್‌ಆರ್ ಮೇಡಂ: ಬೇಡ.

ಶಿಕಾರಿಪುರ 2024: ಮೇಡಂ, ನಂದೂ ಇದೇ ಕೇಸ್. ಆಫರ್ ಒಪ್ಪಿ ಆಗಿದೆ, ಅಕ್ಕನ ಮದುವೆ ಇದೆ, ಜಾಯಿನಿಂಗ್ 15 ದಿನ ಮುಂದೆ ಹಾಕಬೇಕು. ಆ ಮೇಲ್ ಹಾಗೇ ಕಳಿಸ್ಲಾ?

ಎಚ್‌ಆರ್ ಮೇಡಂ: ಇದೇ ಕೇಸ್ ಅಲ್ಲ. ಅದರಲ್ಲಿ ಜಾಯಿನಿಂಗ್ ದಿನ ಬದಲಾಗಲ್ಲ ಅಂತಲೇ ಬರೆದಿದೆ. ಓದಿ.

ತೀರ್ಥಹಳ್ಳಿ ಫೈನಲ್ ಇಯರ್: ಕ್ಯಾಂಪಸ್ ಆಫರ್‌ಗೂ ಹೀಗೆ ಕೇಳಬಹುದಾ ಮೇಡಂ?

ಎಚ್‌ಆರ್ ಮೇಡಂ: ಕಂಪನಿಗೆ ನೇರ ಬರೀಬೇಡಿ, ಪ್ಲೇಸ್‌ಮೆಂಟ್ ಆಫೀಸರ್ ಮೂಲಕ ಹೋಗಿ. ಒಂದು ಆಫರ್ ಆದ್ಮೇಲೆ ಮುಂದಿನ ಇಂಟರ್‌ವ್ಯೂಗೆ ಕೂರೋಕೆ ಬಿಡದ ಕಾಲೇಜುಗಳಿವೆ. ನಿಮ್ಮ ಕಾಲೇಜಿನ ನಿಯಮ ಮೊದಲು ನೋಡಿ.

ಭದ್ರಾವತಿ ಬಿಇ: ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ. ಗುರುವಾರ ಒಪ್ಕೊಂಡ್ಬಿಡಿ, ಎರಡನೇದು ಬಂದ್ರೆ ಇದಕ್ಕೆ ಹೋಗ್ಬೇಡಿ. ಎಲ್ಲರೂ ಮಾಡೋದು ಅದೇ.

ಮಾಚೇನಹಳ್ಳಿ ಫೌಂಡ್ರಿ: ಎಲ್ಲರೂ ಮಾಡೋದು ಅದೇ ಅಂತೆ! ಒಪ್ಪಿದ ಮೇಲೆ ಲ್ಯಾಪ್‌ಟಾಪ್, ಸೀಟು, ಉಳಿದವರಿಗೆಲ್ಲ ಬೇಡ ಅಂತ ಹೇಳೋದು, ಎಲ್ಲ ಆಗಿರುತ್ತೆ. ಜಾಯಿನಿಂಗ್ ದಿನ ಫೋನ್ ಸ್ವಿಚ್ ಆಫ್. ಸಣ್ಣ ಕಾರ್ಖಾನೆ ಇಟ್ಕೊಂಡೋರು ಎಲ್ಲಿಗೆ ಹೋಗ್ಬೇಕು?

ಭದ್ರಾವತಿ ಬಿಇ: ಕಂಪನಿಗಳು ಆಫರ್ ಕೊಟ್ಟು ಜಾಯಿನಿಂಗ್ ಹಿಂದಿನ ದಿನ ಕ್ಯಾನ್ಸಲ್ ಮಾಡ್ತಾವಲ್ಲ, ಆಗ ಸರಿನಾ ಸರ್? ನೋಟಿಸ್ ಮುಗಿಸಿ ಕೂತವರ ಗತಿ?

ಮಾಚೇನಹಳ್ಳಿ ಫೌಂಡ್ರಿ: ನಾನು ಮಾಡಿಲ್ಲ. ಮಾಡಿದವರನ್ನ ಹೋಗಿ ಕೇಳಿ.

ಭದ್ರಾವತಿ ಬಿಇ: ಹಾಗಾದ್ರೆ ನಾನೂ ನಿಮ್ಮಲ್ಲಿ ಸೇರಿ ಬಿಟ್ಟಿಲ್ಲ, ನನಗ್ಯಾಕೆ ಪಾಠ?

ಕೊಪ್ಪ ಕಾಫಿ: ಇಬ್ರೂ ಪರ್ಸನಲ್ಲಾಗಿ ಮೆಸೇಜ್ ಮಾಡ್ಕೊಳ್ಳಿ. ಮೇಡಂ, ಮೊದಲನೇ ಕಂಪನಿ ಟೈಮ್ ಕೊಡಲ್ಲ ಅಂದ್ರೆ ಅವರು ಎಂತ ಮಾಡ್ಬೇಕು?

ಎಚ್‌ಆರ್ ಮೇಡಂ: ಇದು ಕೇಳ್ಬೇಕಾದ ಪ್ರಶ್ನೆ. ಆಗಲ್ಲ ಅಂದ್ರೆ ಮತ್ತೊಮ್ಮೆ ಕಡಿಮೆ ಕೇಳಬಹುದು, ಸೋಮವಾರದ ಬದಲು ಶುಕ್ರವಾರ ಸಂಜೆ. ಅದಕ್ಕೂ ಇಲ್ಲ ಅಂದ್ರೆ ಮೂರನೇ ಸಲ ಕೇಳಬೇಡಿ. ಗುರುವಾರ ಮಧ್ಯಾಹ್ನ ಎರಡನೇ ಕಂಪನಿಗೆ ಕೊನೇ ಫೋನ್ ಮಾಡಿ, ಲಿಖಿತವಾಗಿ ಎಂತದ್ದಾದ್ರೂ ಬರುತ್ತಾ ಅಂತ ಕೇಳಿ. "ಸೆಲೆಕ್ಟ್ ಆಗಿದೀರಿ" ಅಂತ ಫೋನಲ್ಲಿ ಹೇಳಿದ್ದು ಆಫರ್ ಅಲ್ಲ, ಸಂಬಳದ ವಿವರ ಇರೋ ಲೆಟರ್ ಬೇಕು. ಬರಲಿಲ್ಲ ಅಂದ್ರೆ, 19 ದಿನ ಮಾತ್ರ ಇರೋರಿಗೆ ನನ್ನ ಮಾತು: ಮೊದಲನೇದನ್ನ ಒಪ್ಪಿ. ನೋಟಿಸ್ ಇನ್ನೂ ಕೊಡದೇ ಇರೋರಿಗೆ ಬೇರೆ ಉತ್ತರ ಹೇಳ್ತಿದ್ದೆ.

ಮಾಚೇನಹಳ್ಳಿ ಫೌಂಡ್ರಿ: ಒಪ್ಪಿದ ಮೇಲೆ ಎರಡನೇದು ಬಂದ್ರೆ? ಅದನ್ನ ಹೇಳಿ ಮೇಡಂ. ನೀವೂ ಜಾರ್ಕೊಂಡ್ರಿ.

ಎಚ್‌ಆರ್ ಮೇಡಂ: ಜಾರ್ಕೊಂಡಿಲ್ಲ. ಹೋಗಬೇಡಿ ಅಂತ ನಾನು ಆಣೆ ಹಾಕಿಸೋಕಾಗಲ್ಲ. ಬಿಡೋದಾದ್ರೆ ಅದೇ ದಿನ ಫೋನ್ ಮಾಡಿ ಹೇಳಿ, ಆ ಎರಡನೇ ಅಭ್ಯರ್ಥಿಗೆ ಅವಕಾಶ ಉಳಿಯುತ್ತೆ. ಸ್ವಿಚ್ ಆಫ್ ಮಾಡೋದು ಕೊಳಕು ಕೆಲಸ. ಅಲ್ಲಿವರೆಗೆ ನಾನು ನಿಮ್ಮ ಪಕ್ಷ, ಅದಕ್ಕಿಂತ ಆಚೆ ಅಲ್ಲ.

ಮಾಚೇನಹಳ್ಳಿ ಫೌಂಡ್ರಿ: ಒಪ್ಪಲ್ಲ. ಮಾತು ಅಂದ್ರೆ ಮಾತು.

ರಿಪ್ಪನ್‌ಪೇಟೆ ಡಿಪ್ಲೊಮಾ: ಮೇಡಂ ಪಿಎಫ್ ಟ್ರಾನ್ಸ್‌ಫರ್ ಮಾಡೋದು ಹೇಗೆ?

ಶಿಕಾರಿಪುರ 2024: ಮೇಲ್ ಫಾರ್ಮ್ಯಾಟ್ ಯಾರಾದ್ರೂ ಕಳಿಸಿ.

ಎಚ್‌ಆರ್ ಮೇಡಂ: ಮೇಲಿದೆ.

ಸಾಗರ ಟೆಸ್ಟಿಂಗ್: ಮೇಡಂ, ಎರಡೂ ಕಡೆ ಮಾತಾಡಿದೆ. ಎರಡನೇ ಕಂಪನಿ ಕೊನೆ ರೌಂಡನ್ನ ನಾಳೆ ಬುಧವಾರ ಸಂಜೆ 4ಕ್ಕೆ ತಂದ್ರು, ಶುಕ್ರವಾರ ತೀರ್ಮಾನ ಹೇಳ್ತಾರಂತೆ. ಮೊದಲನೇ ಕಂಪನಿಯವರು ಫೋನಲ್ಲೇ "ಸೋಮವಾರ ಬೆಳಿಗ್ಗೆ 11ರವರೆಗೆ ಓಕೆ" ಅಂದ್ರು. ಮೇಲ್ ಮಾಡಿದೀನಿ, ಉತ್ತರ ಬಂದಿಲ್ಲ. ಪೋರ್ಟಲಲ್ಲಿ ಇನ್ನೂ ಗುರುವಾರ ಅಂತಲೇ ತೋರಿಸ್ತಿದೆ. ಪರವಾಗಿಲ್ವಾ?

ಎಚ್‌ಆರ್ ಮೇಡಂ: ಪರವಾಗಿದೆ! ಹೆಚ್ಚಿನವರು ಬೀಳೋದು ಇಲ್ಲೇ. ರಿಕ್ರೂಟರ್ ಬಾಯಲ್ಲಿ ಹೇಳಿದ್ದು ಪೋರ್ಟಲಿಗೆ ಗೊತ್ತಿಲ್ಲ. ಅದರಲ್ಲಿ ತುಂಬಿದ ದಿನ ಬಂದ್ರೆ ಒಪ್ಪೋ ಬಟನ್ ತಾನಾಗೇ ಮುಚ್ಚುತ್ತೆ, ಮತ್ತೆ ತೆರೆಯೋಕೆ ಆಫರ್ ಹೊಸದಾಗಿ ಹೊರಡಿಸಬೇಕಾಗಬಹುದು, ಅಂದ್ರೆ ಒಪ್ಪಿಗೆಯ ಸುತ್ತೆಲ್ಲ ಮತ್ತೆ. ಅಷ್ಟರಲ್ಲಿ ಆ ಮ್ಯಾನೇಜರ್ ಮನಸ್ಸು ಬದಲಾದ್ರೆ ಕೈಯಲ್ಲಿ ಎಂತದೂ ಇಲ್ಲ. ನಾಳೆ ಬೆಳಿಗ್ಗೆ ಒಂದೇ ಸಾಲು ಬರೀರಿ: "ಸೋಮವಾರ ಬೆಳಿಗ್ಗೆ 11ರ ವಿಸ್ತರಣೆಗೆ ಧನ್ಯವಾದ, ಪೋರ್ಟಲಲ್ಲಿ ಇನ್ನೂ ಗುರುವಾರ ಕಾಣುತ್ತಿದೆ, ದಯವಿಟ್ಟು ಬದಲಿಸಿ." ಸ್ಕ್ರೀನ್‌ಶಾಟ್ ಲಗತ್ತಿಸಿ. ಗುರುವಾರ ಮಧ್ಯಾಹ್ನ 2ಕ್ಕೂ ಬದಲಾಗಿಲ್ಲ, ಮೇಲಿಗೂ ಉತ್ತರ ಇಲ್ಲ ಅಂದ್ರೆ ವಿಸ್ತರಣೆ ಸಿಕ್ಕೇ ಇಲ್ಲ ಅಂತ ತಿಳ್ಕೊಂಡು ಫೋನ್ ಮಾಡಿ.

ಇನ್ನೊಂದು. ಅವರು 6 ಅಲ್ಲ, 11 ಅಂದಿದ್ದಾರೆ. ಎರಡನೇ ಕಂಪನಿಗೆ ಈ ಗಂಟೆ ತಿಳಿಸಿ, ಲೆಟರ್ ಶುಕ್ರವಾರವೇ ಬೇಕು ಅಂತ. ಸೋಮವಾರ ಮಧ್ಯಾಹ್ನ ಬಂದ ಲೆಟರ್ ನಿಮಗೆ ಉಪಯೋಗ ಇಲ್ಲ.

ಹೊಸನಗರ ಮಳೆ: ನಾಳೆ ಸಂಜೆ ಮಳೆ ಇದೆ ಅಕ್ಕ. ಕರೆಂಟ್ ಹೋದ್ರೆ ವೈಫೈ ಹೋಗುತ್ತೆ. ಮೊಬೈಲ್ ಡೇಟಾ ಹಾಕ್ಸಿಟ್ಕೊಳ್ಳಿ, ಸಾಗರ ಪೇಟೇಲಿ ಯಾರದ್ದಾದ್ರೂ ಮನೇಲಿ ಕೂರೋದೇ ಒಳ್ಳೇದು.

ಎಚ್‌ಆರ್ ಮೇಡಂ: ನಿಮ್ಮಿಂದ ಬಂದ ಮೊದಲನೇ ಉಪಯೋಗದ ಮಾತು. ರಿಕ್ರೂಟರ್ ನಂಬರನ್ನೂ ಹತ್ರ ಇಟ್ಕೊಂಡಿರಿ, ಲೈನ್ ಕಡಿದ್ರೆ ಎರಡು ನಿಮಿಷದಲ್ಲಿ ಫೋನ್ ಹೋಗ್ಬೇಕು.

ಸಾಗರ ಟೆಸ್ಟಿಂಗ್: ಸರಿ ಮೇಡಂ. ಸ್ಕ್ರೀನ್‌ಶಾಟ್ ಈಗಲೇ ತೆಗೆದಿಟ್ಟೆ.

ರಿಪ್ಪನ್‌ಪೇಟೆ ಡಿಪ್ಲೊಮಾ: ಪಿಎಫ್ ಬಗ್ಗೆ ಯಾರೂ ಹೇಳ್ಲೇ ಇಲ್ಲ.

ಶಿಕಾರಿಪುರ 2024: ಮೇಲೆ ಅಂದ್ರೆ ಎಲ್ಲಿ ಮೇಡಂ?